ರಾಯರಿಗೊಂದು ಹಳೇ ವರ್ಷನ್ ಫೈಲು

ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಆಫೀಸಲ್ಲಿರೋ ಆಟೋಕ್ಯಾಡ್ ಯಾವ ವರ್ಷದ್ದು? ನಾನು ಕೇಳಿ ಮುಗಿಸೋದ್ರೊಳಗೇ "2024" ಅಂತ ಉತ್ತರ ಬಂತು ನೋಡಿ! (ದನಿಯಲ್ಲಿ ಒಂಚೂರು ಜಂಬವೂ ಇತ್ತು, ಇಲ್ಲ ಅನ್ನಬೇಡಿ.) ಸರಿ, ಎರಡನೇ ಪ್ರಶ್ನೆ. ನೀವು ಪ್ಲಾನ್ ಕಳಿಸ್ತೀರಲ್ಲ, ಹಾಸನದ ಸ್ಟ್ರಕ್ಚರಲ್ ಎಂಜಿನಿಯರ್ ರಾಯರು, ಅವರ ಹತ್ರ ಇರೋದು ಯಾವ ವರ್ಷದ್ದು?

ಯಾಕ್ರೀ ಸುಮ್ಮನಾದ್ರಿ? ರಾಯರ ಮಗಳ ಮದುವೆಗೆ ಹೋಗಿ ಹೋಳಿಗೆ ಊಟ ಮಾಡಿ ಬಂದಿದ್ದೀರಿ. ಅವರಿಗೆ ಕಾಫಿಗೆ ಸಕ್ಕರೆ ಎಷ್ಟು ಅಂತಾನೂ ಗೊತ್ತು. ಆದರೆ ಅವರ ಕಂಪ್ಯೂಟರಲ್ಲಿ ಯಾವ ಆಟೋಕ್ಯಾಡ್ ಇದೆ ಅಂತ ಮಾತ್ರ ಇವತ್ತಿನ ತನಕ ಕೇಳಿಲ್ಲ. ಕೇಳದೇನೇ ರಾತ್ರಿ ಹನ್ನೊಂದು ಗಂಟೆಗೆ ಫೈಲ್ ಮೇಲ್ ಮಾಡಿ, "ಕಳಿಸಿದೀನಿ ಸರ್, ನಾಳೆ ಕಾಲಂ ಪೊಸಿಷನ್ ಕೊಟ್ಬಿಡಿ" ಅಂತ ಮೆಸೇಜ್ ಹಾಕಿ ಮಲಗ್ತೀರಿ.

ಬೆಳಗ್ಗೆ ಫೋನು. "ಏನ್ರೀ, ನಿಮ್ಮ ಫೈಲು ಓಪನ್ನೇ ಆಗ್ತಿಲ್ವಲ್ರೀ." ನೀವು ಏನಂತೀರಿ? "ಇಲ್ಲಿ ಚೆನ್ನಾಗೇ ಓಪನ್ ಆಗ್ತಿದೆಯಲ್ಲ ಸರ್!" ಈ ಉತ್ತರಕ್ಕಿಂತ ನಿಷ್ಪ್ರಯೋಜಕವಾದ ಉತ್ತರ ಇನ್ನೊಂದಿಲ್ಲ ಸ್ವಾಮೀ. ನಿಮ್ಮಲ್ಲಿ ಓಪನ್ ಆಗದೆ ಏನು? ಬರೆದವರೇ ನೀವಲ್ವಾ!

ಅಲ್ಲಿ ರಾಯರ ಸ್ಕ್ರೀನ್ ಮೇಲೆ ಏನು ಬಂದಿರುತ್ತೆ ಗೊತ್ತಾ? `Drawing file is not valid.` ಅಷ್ಟೇ. "ಇದು ಹೊಸ ವರ್ಷನ್‌ದು, ನನ್ನ ಕೈಲಾಗಲ್ಲ" ಅಂತ ಹಳೇ ಆಟೋಕ್ಯಾಡ್ ಬಿಡಿಸಿ ಹೇಳೋದಿಲ್ಲ. ಫೈಲೇ ಸರಿಯಿಲ್ಲ ಅಂತ ನಿಮ್ಮ ಮೇಲೇ ತಪ್ಪು ಹೊರಿಸಿ ಕೂತುಬಿಡುತ್ತೆ. ರಾಯರು ಫೈಲ್ ಕೆಟ್ಟಿದೆ ಅಂದ್ಕೋತಾರೆ. ನೀವು ಮೇಲ್‌ನಲ್ಲಿ ಕೆಟ್ಟಿದೆ ಅಂದ್ಕೊಂಡು ಅದನ್ನೇ ಇನ್ನೊಂದು ಸಲ ಕಳಿಸ್ತೀರಿ. ಆಮೇಲೆ ವಾಟ್ಸಾಪ್‌ನಲ್ಲಿ. ಆಮೇಲೆ ಪೆನ್‌ಡ್ರೈವ್ ಕೊಟ್ಟು ಬಸ್ಸಿಗೆ ಹುಡುಗನ್ನ ಹತ್ತಿಸ್ತೀರಿ. ಫೈಲು ಕೆಟ್ಟಿಲ್ಲ ಕಣ್ರೀ!

ಆಗಿರೋದು ಇಷ್ಟು. ಡಿಡಬ್ಲ್ಯೂಜಿ ಅನ್ನೋದು ಒಂದೇ ಹೆಸರು, ಆದರೆ ಒಳಗಿನ ಬರವಣಿಗೆ ಆಗಾಗ ಬದಲಾಗಿದೆ. 2000, 2004, 2007, 2010, 2013, 2018, ಈ ಆರು ವರ್ಷಗಳ ಆಟೋಕ್ಯಾಡ್ ಜೊತೆ ಹೊಸ ಫಾರ್ಮ್ಯಾಟ್ ಬಂತು. ನಡುವಿನ ವರ್ಷದ ಸಾಫ್ಟ್‌ವೇರುಗಳು ತಮಗಿಂತ ಮುಂಚೆ ಬಂದಿದ್ದ ಫಾರ್ಮ್ಯಾಟನ್ನೇ ಬಳಸಿದವು. ನಿಮ್ಮ 2024 ಬರೆಯೋದು ಕೂಡ 2018ರ ಫಾರ್ಮ್ಯಾಟನ್ನೇ. ಹೊಸದಕ್ಕೆ ಹಳೇದು ಓದೋಕೆ ಬರುತ್ತೆ, ಹಳೇದಕ್ಕೆ ಹೊಸದು ಬರಲ್ಲ.

ಈಗ ನಿಮ್ಮ ಗೊಣಗಾಟ ಕೇಳಿಸ್ತಿದೆ. "ಅವರೇ ಹೊಸದು ತಗೋಬಾರ್ದಾ?" ತಗೋಬಾರ್ದು ಅಂತಲ್ಲ. ರಾಯರು ಅವತ್ತು ಪೂರಾ ದುಡ್ಡು ಕೊಟ್ಟು ಆಟೋಕ್ಯಾಡ್ 2006 ಕೊಂಡವರು. ಅದು ಅವರದು, ಸಾಯೋ ತನಕ ಅವರದು. ಹಾಗೆ ಒಂದೇ ಸಲ ದುಡ್ಡು ಕೊಟ್ಟು ಇಟ್ಟುಕೊಳ್ಳೋ ಲೈಸೆನ್ಸು ಮಾರೋದನ್ನ ಆಟೋಡೆಸ್ಕ್ 2016ರಲ್ಲಿ ನಿಲ್ಲಿಸಿಬಿಡ್ತು. ಈಗೇನಿದ್ರೂ ವರ್ಷಾ ವರ್ಷಾ ಚಂದಾ.

ಮೇಲಾಗಿ ಫುಟಿಂಗ್ ಶೆಡ್ಯೂಲ್ ಹಾಕೋಕೆ ರಾಯರು ಬರೆಸಿಟ್ಟಿರೋ ಲಿಸ್ಪ್ ಆ 2006ರಲ್ಲೇ ಓಡೋದು. ಪ್ಲಾಟರ್ ಕೂಡ ಆ ಎಕ್ಸ್‌ಪಿ ಮೆಷಿನ್ನಿಗೇ ಅಂಟಿಕೊಂಡಿದೆ. ಮೇಜಿನ ಮೇಲೆ ಏನಿದ್ರೇನು, ಅವರು ಕೊಟ್ಟ ಸ್ಟೀಲಿನ ಲೆಕ್ಕ ಕರಾರುವಾಕ್ಕು. (ನಿಮ್ಮ 2024ಕ್ಕೆ ಬೀಮಿನ ಆಳ ಹೇಳೋಕೆ ಬರುತ್ತಾ? ಬರಲ್ಲ ತಾನೇ?) ಹಾಗಾಗಿ ಬಗ್ಗಬೇಕಾದವರು ನೀವೇ.

ಸರಿ, ರಾಯರು "ನಂದು 2006 ಕಣ್ರೀ" ಅಂದ್ರು. ನೀವು ಡ್ರಾಯಿಂಗ್ ತೆಗೆದು `SAVEAS` ಕೊಟ್ರಿ. ಕೆಳಗೆ `Files of type` ಅನ್ನೋ ಪಟ್ಟಿ ಎಳೆದ್ರಿ. ಅಲ್ಲಿ 2006 ಇಲ್ಲ! 2004 ಇದೆ, 2007 ಇದೆ. ಯಾವುದನ್ನ ಒತ್ತುತ್ತೀರಿ? "2006ಕ್ಕೆ 2007 ಹತ್ತಿರ ಅಲ್ವಾ, ಒಂದೇ ವರ್ಷ ವ್ಯತ್ಯಾಸ" ಅಂತ 2007 ಒತ್ತಿದ್ರಿ. ನನಗೆ ಗೊತ್ತಿತ್ತು, ಒತ್ತೇ ಒತ್ತುತ್ತೀರಿ ಅಂತ.

ಮತ್ತೆ ಫೋನು. "ಇಲ್ಲ ಕಣ್ರೀ, ಅದೇ ಮಾತು ಹೇಳ್ತಿದೆ." ಹೇಳದೆ ಏನು ಮಾಡುತ್ತೆ? ಇಲ್ಲಿ ಹತ್ತಿರ ದೂರದ ಲೆಕ್ಕ ನಡೆಯಲ್ಲ. ಅವರ ವರ್ಷಕ್ಕೆ ಸರಿಸಮ, ಇಲ್ಲಾಂದ್ರೆ ಅದಕ್ಕಿಂತ ಕೆಳಗಿನದು. ಇದೊಂದೇ ನಿಯಮ. 2006 ಇದ್ದವರಿಗೆ 2004. 2012 ಇದ್ದವರಿಗೆ 2010. 2017 ಇದ್ದವರಿಗೆ 2013. ಮೇಲಕ್ಕೆ ಒಂದೇ ಒಂದು ಮೆಟ್ಟಿಲು ಹತ್ತಿದ್ರೂ ಬಾಗಿಲು ತೆಗೆಯಲ್ಲ.

ಹಾಗಾದ್ರೆ ಯಾರನ್ನೂ ಕೇಳೋದೇ ಬೇಡ, ಎಲ್ಲರಿಗೂ 2000 ಮಾಡಿ ಬಿಸಾಕಿಬಿಡೋಣ ಅಂತೀರಾ? ನಿಮ್ಮ ತಲೆ ಹಾಗೇ ಓಡುತ್ತೆ ಅಂತಾನೂ ಗೊತ್ತು. ಬೇಡ. ಕೆಳಗೆ ಇಳಿದಷ್ಟೂ ಡ್ರಾಯಿಂಗಿನಿಂದ ಏನೋ ಒಂದು ಉದುರುತ್ತಾ ಹೋಗುತ್ತೆ (ಏನೇನು ಅಂತ ಆಮೇಲೆ ಹೇಳ್ತೀನಿ, ಸ್ವಲ್ಪ ತಾಳಿ). ಎಷ್ಟು ಇಳೀಬೇಕೋ ಅಷ್ಟೇ ಇಳೀರಿ.

ಇನ್ನೊಂದು ಜಾತಿಯವರಿದ್ದಾರೆ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ರಿನೇಮ್ ಕೊಟ್ಟು, `Plan_final.dwg` ಅನ್ನೋದನ್ನ `Plan_final_2004.dwg` ಅಂತ ಮಾಡಿ ಕಳಿಸೋರು. ನಗಬೇಡಿ! ನಿಮ್ಮ ಪಕ್ಕದ ಟೇಬಲ್ಲಿನ ಹುಡುಗ ಮಾಡಿದ್ದು ಅದನ್ನೇ. (ಹುಡುಗ ಅಂತ ನೀವು ಹೇಳಿದ್ದು, ನಾನು ನಂಬಿದೀನಿ.) ಹೆಸರು ಬದಲಾಯಿಸಿದ್ರೆ ಒಳಗಿನದು ಬದಲಾಗುತ್ತೇನ್ರೀ?

ಈಗ 2004 ಅಂತ ಸರಿಯಾಗಿ ಒತ್ತಿ ಸೇವ್ ಮಾಡಿದ್ರಿ ಅಂತಿಟ್ಕೊಳ್ಳೋಣ. ಒಂದು ಕ್ಷಣ ಕಣ್ಣು ಮೇಲಕ್ಕೆತ್ತಿ, ಟೈಟಲ್ ಬಾರ್ ನೋಡಿ. ಅಲ್ಲಿ ಯಾವ ಹೆಸರಿದೆ? ನಿಮ್ಮ ಮೂಲ ಫೈಲಿನ ಹೆಸರಲ್ಲ, ರಾಯರಿಗೆ ಅಂತ ಮಾಡಿದ ಹೊಸ ಫೈಲಿನ ಹೆಸರು. `SAVEAS` ಕೊಟ್ಟ ಮರುಕ್ಷಣದಿಂದ ನೀವು ಕೂತಿರೋದು ರಾಯರ ಕಾಪಿಯಲ್ಲಿ.

ಆದ್ರೆ ನೀವು ನೋಡ್ತೀರಾ? ಎಲ್ಲಿ ಬಂತು! ಕಾಫಿ ಕುಡಿದು ಬಂದು ಅದರಲ್ಲೇ ಸಂಜೆ ತನಕ ಗೋಡೆ ಸರಿಸಿ, ಬಾತ್‌ರೂಮ್ ತಿರುಗಿಸಿ, ಮೆಟ್ಟಿಲಿಗೆ ಎರಡು ರೈಸರ್ ಸೇರಿಸಿ, ಮನೆಗೆ ಹೋಗ್ತೀರಿ. ಮಾರನೇ ದಿನ ಮೂಲ ಫೈಲ್ ತೆಗೆದ್ರೆ ಬಾತ್‌ರೂಮ್ ಹಳೇ ಜಾಗದಲ್ಲೇ ನಗ್ತಾ ಕೂತಿರುತ್ತೆ. "ಯಾವನೋ ನನ್ನ ಫೈಲ್ ಮುಟ್ಟಿದಾನೆ" ಅಂತ ಆಫೀಸೆಲ್ಲ ಕೂಗಾಡ್ತೀರಿ. ಮುಟ್ಟಿದವರು ಯಾರು ಅಂತ ನಾನು ಹೇಳಬೇಕಾ?

ಅದಕ್ಕೇ ನನ್ನ ಮಾತು ಕೇಳಿ, ಹೊರಗೆ ಕಳಿಸೋ ಫೈಲಿಗೆ `SAVEAS` ಮುಟ್ಟಲೇಬೇಡಿ. `ETRANSMIT` ಅಂತ ಒಂದು ಕಮ್ಯಾಂಡ್ ಇದೆ. (ಇದೆ ಅಂತ ಗೊತ್ತು, ಯಾವತ್ತೂ ಬಳಸಿಲ್ಲ, ಅಲ್ವಾ?) ಅದು ನೀವು ತೆರೆದಿರೋ ಡ್ರಾಯಿಂಗನ್ನ ಅಲುಗಾಡಿಸಲ್ಲ. ಬೇರೆ ಕಾಪಿ ಮಾಡಿ, ಜಿಪ್ ಕಟ್ಟಿ ಕೊಡುತ್ತೆ.

ಅದರ ಅಸಲಿ ಉಪಯೋಗ ಬೇರೆಯೇ ಇದೆ. ನಿಮ್ಮ ಪ್ಲಾನ್ ಒಂದೇ ಫೈಲಾ, ಹೇಳಿ? ಸರ್ವೆಯವರು ಕೊಟ್ಟ ಸೈಟ್ ಒಂದು ಎಕ್ಸ್‌ರೆಫ್. ಗ್ರಿಡ್ ಒಂದು ಎಕ್ಸ್‌ರೆಫ್. ಟೈಟಲ್ ಬ್ಲಾಕ್ ಇನ್ನೊಂದು. `SAVEAS` ಏನು ಮಾಡುತ್ತೆ ಅಂದ್ರೆ, ಹೊರಗಿನ ಫೈಲೊಂದನ್ನೇ 2004 ಮಾಡಿ ಕೈ ತೊಳೆದುಕೊಳ್ಳುತ್ತೆ. ಒಳಗೆ ತಗುಲಿಕೊಂಡಿರೋ ಮೂರೂ 2018ರಲ್ಲೇ ಉಳಿದಿರುತ್ತವೆ.

ಆಗ ರಾಯರ ಕಡೆ ಏನಾಗುತ್ತೆ? ಫೈಲೇನೋ ಓಪನ್ ಆಗುತ್ತೆ. ಆದರೆ ಗ್ರಿಡ್ ಇರಬೇಕಾದ ಜಾಗದಲ್ಲಿ ಗ್ರಿಡ್ ಇರಲ್ಲ. ಎಲ್ಲೋ ಮೂಲೆಯಲ್ಲಿ ಫೈಲಿನ ವಿಳಾಸ ಬರೆದ ಒಂದೇ ಒಂದು ಸಾಲು. ಗ್ರಿಡ್ಡೇ ಇಲ್ಲದ ಪ್ಲಾನ್ ಮೇಲೆ ಕಾಲಂ ಎಲ್ಲಿ ಇಡೋದು ಸ್ವಾಮೀ? ಅಂದಾಜಲ್ಲಿ ಇಡಬಹುದು. ಬೀಳೋದೂ ಅಂದಾಜಲ್ಲೇ ಬೀಳುತ್ತೆ.

`ETRANSMIT`ನಲ್ಲಿ ಬಲಗಡೆ `Transmittal Setups` ಅಂತ ಒಂದು ಬಟನ್ ಇದೆ. ಅದನ್ನ ಒತ್ತಿ, `New` ಕೊಟ್ಟು, "ರಾಯರು" ಅಂತ ಅವರ ಹೆಸರಲ್ಲೇ ಒಂದು ಸೆಟಪ್ ಮಾಡಿಡಿ. ಅದರೊಳಗೆ ಫೈಲ್ ಫಾರ್ಮ್ಯಾಟ್ ಅನ್ನೋ ಕಡೆ 2004 ಆರಿಸಿ. ಅಲ್ಲಿ ಮೊದಲಿಂದ ಇರೋದು `Keep existing drawing file formats`. ಅದನ್ನ ಹಾಗೇ ಬಿಟ್ಟಿರೋ, ಇಷ್ಟೆಲ್ಲ ಮಾಡಿದ್ದೂ ಹೊಳೆಯಲ್ಲಿ ಹುಣಸೆಹಣ್ಣು.

ಎಲ್ಲ ಫೈಲೂ ಒಂದೇ ಫೋಲ್ಡರಿನಲ್ಲಿ ಬೀಳೋ ಹಾಗೆ `Place all files in one folder` ಹಾಕಿ. ಆಗ ರಾಯರ ಆಟೋಕ್ಯಾಡ್ ಎಕ್ಸ್‌ರೆಫ್ ಹುಡುಕಿಕೊಂಡು ನಿಮ್ಮ ಸರ್ವರಿನ ತನಕ ಓಡಿ ಬರೋ ಪ್ರಮೇಯ ಇರಲ್ಲ, ಪಕ್ಕದಲ್ಲೇ ಸಿಗುತ್ತೆ. `Include fonts`ಗೂ ಟಿಕ್ ಕೊಡಿ. ನೀವು ಎಲ್ಲಿಂದಲೋ ಇಳಿಸಿಕೊಂಡ ಎಸ್‌ಎಚ್‌ಎಕ್ಸ್ ಫಾಂಟ್ ರಾಯರಲ್ಲಿ ಎಲ್ಲಿರುತ್ತೆ? ಒಂದು ಸಲ ಮಾಡಿಟ್ಟರೆ ಆಯ್ತು, ಮುಂದಿನ ಸಲ "ರಾಯರು" ಅಂತ ಆರಿಸಿ ಓಕೆ ಒತ್ತೋದಷ್ಟೇ.

ಇಲ್ಲಿಗೆ ಫೈಲು ಓಪನ್ ಆಗುತ್ತೆ. ಮುಗೀತಾ? ಮುಗೀತು ಅಂತ ಕುರ್ಚಿ ಹಿಂದಕ್ಕೆ ತಳ್ಳಿದ್ರಲ್ಲ, ಕೂತ್ಕೊಳ್ಳಿ. ಓಪನ್ ಆಗೋದು ಬೇರೆ, ನೀವು ಬರೆದದ್ದೇ ಕಾಣೋದು ಬೇರೆ. ಆಗಲೇ ಹೇಳಿದ್ನಲ್ಲ, ಉದುರುತ್ತೆ ಅಂತ, ಆ ವಿಷಯ ಈಗ.

ಮೊದಲು ನಿಮ್ಮ ಬಣ್ಣದ ಹುಚ್ಚು. ಕ್ಲೈಂಟಿಗೆ ಚೆಂದ ಕಾಣಲಿ ಅಂತ ಸ್ಲ್ಯಾಬ್ ಏರಿಯಾಕ್ಕೆಲ್ಲ ಸಾಲಿಡ್ ಹ್ಯಾಚ್ ತುಂಬಿಸಿ, ಟ್ರಾನ್ಸ್‌ಪರೆನ್ಸಿ 70 ಕೊಟ್ಟಿದ್ದೀರಿ. ನಿಮ್ಮ ಸ್ಕ್ರೀನಲ್ಲಿ ತೆಳು ಕೇಸರಿ, ಅದರ ಕೆಳಗೆ ಗೋಡೆ ಗೆರೆ ಮಸುಕಾಗಿ ಕಾಣುತ್ತೆ, ಆಹಾ! ಆದರೆ ಟ್ರಾನ್ಸ್‌ಪರೆನ್ಸಿ ಬಂದದ್ದು ಆಟೋಕ್ಯಾಡ್ 2011ರಲ್ಲಿ. ರಾಯರ 2006ಕ್ಕೆ ಅದರ ಗಂಧಗಾಳಿಯೂ ಇಲ್ಲ.

ಅದು ಏನು ಮಾಡುತ್ತೆ? ಹ್ಯಾಚನ್ನ ಗಟ್ಟಿಯಾಗಿ ಬಳಿದುಬಿಡುತ್ತೆ. ಪ್ಲಾನ್ ಪೂರ್ತಿ ಒಂದೇ ಕೇಸರಿ ಮುದ್ದೆ. ಹ್ಯಾಚ್ ಮೇಲಿದ್ದು ಗೆರೆ ಕೆಳಗಿದ್ರಂತೂ ಗೋಡೆಯೂ ಇಲ್ಲ, ಡೋರೂ ಇಲ್ಲ. "ಏನ್ರೀ ಇದು, ಕೇಸರಿಬಾತ್ ಕಳಿಸಿದೀರಾ?" ಅಂತ ರಾಯರು ಕೇಳಿದ್ರೆ ತಪ್ಪು ಅವರದಲ್ಲ. ಕಳಿಸೋ ಮುಂಚೆ ಆ ಹ್ಯಾಚಿನ ಲೇಯರ್ ಫ್ರೀಜ್ ಮಾಡಿ. ಎಂಜಿನಿಯರಿಗೆ ನಿಮ್ಮ ಬಣ್ಣ ಯಾಕೆ, ಗೆರೆ ಸಾಕು.

ಎರಡನೇದು ಮಲ್ಟಿಲೀಡರ್. "230 ಗೋಡೆ", "ಸಂಕ್ 300" ಅಂತ ಬಾಣ ಹಾಕಿ ಬರೀತೀರಲ್ಲ, ಅದು. ಅದು ಬಂದದ್ದು 2008ರಲ್ಲಿ. ಅದಕ್ಕೂ ಹಿಂದಿನ ಸಾಫ್ಟ್‌ವೇರಿಗೆ ಅದು ಪ್ರಾಕ್ಸಿ ಆಬ್ಜೆಕ್ಟ್. ಅಂದ್ರೆ ಚಿತ್ರ ಕಾಣುತ್ತೆ, ಕೈ ಹಾಕೋಕಾಗಲ್ಲ. ರಾಯರು "300" ಅನ್ನೋದನ್ನ "350" ಮಾಡೋಣ ಅಂತ ಡಬಲ್ ಕ್ಲಿಕ್ ಮಾಡಿದ್ರೆ, ಜಪ್ಪಯ್ಯ ಅಂದ್ರೂ ಎಡಿಟ್‌ಗೆ ಸಿಗಲ್ಲ.

ಇದಕ್ಕೆ ಮದ್ದು ಸುಲಭ. ಕಳಿಸೋಕೆ ಅಂತ ಬೇರೆ ಕಾಪಿ ಮಾಡ್ಕೊಂಡು, ಅದರಲ್ಲಿ ಮಲ್ಟಿಲೀಡರುಗಳನ್ನ ಆರಿಸಿ `EXPLODE` ಕೊಡಿ. ಬಾಣ, ಗೆರೆ, ಅಕ್ಷರ ಬೇರೆ ಬೇರೆ ಆಗಿ ಬೀಳ್ತವೆ. ಆ ಅಕ್ಷರ ಮಾಮೂಲಿ ಎಂಟೆಕ್ಸ್ಟು, 2006ಕ್ಕೆ ಚೆನ್ನಾಗಿ ಅರ್ಥ ಆಗುತ್ತೆ. ("ಕಾಪಿಯಲ್ಲಿ" ಅಂದೆ. ಮೂಲದಲ್ಲಿ ಸಿಡಿಸಿ ಆಮೇಲೆ ನನ್ನ ಬೈಬೇಡಿ.)

ಮೂರನೇದು ಸ್ವಲ್ಪ ಸೂಕ್ಷ್ಮ: ಅನೋಟೇಟಿವ್ ಅಕ್ಷರಗಳು, ಡೈಮೆನ್ಷನ್ನುಗಳು. 1:100ರ ಪ್ಲಾನಿಗೂ 1:50ರ ಟಾಯ್ಲೆಟ್ ಡೀಟೇಲಿಗೂ ಒಂದೇ ಡೈಮೆನ್ಷನ್ ತಾನಾಗಿ ಸೈಜ್ ಬದಲಾಯಿಸಿಕೊಳ್ಳುತ್ತಲ್ಲ, ಅದು. ಇದೂ 2008ರ ಕೂಸು. ಹಳೇ ಫಾರ್ಮ್ಯಾಟಿಗೆ ಹೋಗುವಾಗ ಆಟೋಕ್ಯಾಡ್ ಪ್ರತಿಯೊಂದು ಸ್ಕೇಲಿನ ರೂಪವನ್ನೂ ಬೇರೆ ಬೇರೆ ಆಬ್ಜೆಕ್ಟ್ ಮಾಡಿ, ಹೆಸರಿಲ್ಲದ ಬ್ಲಾಕಿಗೆ ತುಂಬಿ, ನಿಮ್ಮ ಲೇಯರಿನ ಹೆಸರಿಗೇ ಒಂದು ನಂಬರ್ ಸೇರಿಸಿ ಹೊಸ ಲೇಯರುಗಳನ್ನ ಹುಟ್ಟಿಸುತ್ತೆ.

ರಾಯರಿಗೆ ಇದೆಲ್ಲಿ ಗೊತ್ತು? ಲೇಯರ್ ಪಟ್ಟಿ ತೆಗೆದ್ರೆ ನೀವು ಮಾಡಿರದ ಲೇಯರುಗಳು ಸಾಲಾಗಿ ನಿಂತಿರ್ತವೆ. "ಈ ಹುಡುಗರಿಗೆ ಲೇಯರ್ ಶಿಸ್ತೇ ಇಲ್ಲ" ಅಂತ ಅವರು ಅದನ್ನ ಸಿಡಿಸಿ ಸ್ವಚ್ಛ ಮಾಡಿದ್ರೋ, ಕೆಟ್ರಿ. ಸಿಡಿಸದೆ ಹಾಗೇ ಬಿಟ್ಟು ವಾಪಸ್ ಕಳಿಸಿದ್ರೆ ನಿಮ್ಮ 2024ರಲ್ಲಿ ಅದು ಮತ್ತೆ ಮೊದಲಿನಂತೆ ಒಂದಾಗುತ್ತೆ. ಸಿಡಿಸಿದ್ರೆ ಒಂದೊಂದು ಸ್ಕೇಲಿಗೆ ಒಂದೊಂದು ಡೈಮೆನ್ಷನ್ ಆಗಿ ಶಾಶ್ವತವಾಗಿ ಬೇರೆಯಾಗಿಬಿಡುತ್ತೆ.

ಇದನ್ನ ಹಿಡಿತದಲ್ಲಿಡೋ ಸ್ವಿಚ್ಚು `OPTIONS` ಒಳಗೆ `Open and Save` ಅನ್ನೋ ಟ್ಯಾಬಿನಲ್ಲಿದೆ: `Maintain visual fidelity for annotative objects`. ಟಿಕ್ ಇದ್ದರೆ ಲೇಔಟುಗಳು ನಿಮ್ಮಲ್ಲಿ ಕಂಡಂತೆಯೇ ಅಲ್ಲೂ ಕಾಣಬೇಕು ಅಂತ ಮೇಲೆ ಹೇಳಿದ ಕಸರತ್ತು ನಡೆಯುತ್ತೆ. ತೆಗೆದರೆ ಮಾಡೆಲ್ ಸ್ಪೇಸಿನಲ್ಲಿ ಒಂದೇ ರೂಪ ಉಳಿಯುತ್ತೆ, ಲೇಔಟಿನಲ್ಲಿ ಸೈಜು ಹೆಚ್ಚುಕಮ್ಮಿ ಆಗಬಹುದು. ರಾಯರು ಕೆಲಸ ಮಾಡೋದು ಮಾಡೆಲ್ಲಿನಲ್ಲೇ ತಾನೇ? ಅವರ ಫೈಲಿಗೆ ತೆಗೆದುಬಿಡಿ. ಪ್ರಿಂಟ್ ತೆಗೆಯೋಕೆ ಮಾತ್ರ ಕಳಿಸ್ತಿದ್ರೆ ಇರಲಿ ಬಿಡಿ.

(ಅದೇ ಟ್ಯಾಬಿನಲ್ಲಿ ಮೇಲುಗಡೆ `Save as` ಅಂತ ಒಂದು ಪಟ್ಟಿ ಕಂಡಿತಾ? ಅಲ್ಲೇ 2004 ಅಂತ ಇಟ್ಟುಬಿಟ್ಟರೆ ರಗಳೆಯೇ ಇಲ್ಲ ಅಂತ ನಿಮ್ಮ ಕಣ್ಣು ಮಿನುಗಿತು. ಇಟ್ಟರೆ ರಾಯರ ಫೈಲಷ್ಟೇ ಅಲ್ಲ, ಇನ್ಮೇಲೆ ನೀವು ಸೇವ್ ಮಾಡೋ ಫೈಲುಗಳೆಲ್ಲ ಹಳೇ ಫಾರ್ಮ್ಯಾಟಿಗೇ ಇಳೀತವೆ. ಮೌಸ್‌ನಿಂದ ಕೈ ತೆಗೀರಿ.)

ಇನ್ನು ಕನ್ನಡದ ವಿಷಯ. ಟೈಟಲ್ ಬ್ಲಾಕಿನಲ್ಲಿ ಮಾಲೀಕರ ಹೆಸರು, ಗ್ರಾಮ, ಹೋಬಳಿ, ಸರ್ವೆ ನಂಬರು ಅಂತ ಕನ್ನಡದಲ್ಲಿ ಬರೆದಿದ್ದೀರಿ, ಶಭಾಷ್. ಆದರೆ ಡಿಡಬ್ಲ್ಯೂಜಿ ಒಳಗೆ ಅಕ್ಷರ ಯೂನಿಕೋಡ್ ಆಗಿ ಕೂರೋಕೆ ಶುರುವಾದದ್ದು 2007ರ ಫಾರ್ಮ್ಯಾಟಿನಿಂದ. 2004ಕ್ಕೆ ಇಳಿಸಿದ್ರೆ ಕನ್ನಡದ ಒಂದೊಂದು ಅಕ್ಷರವೂ `\U+0C95` ಅನ್ನೋ ಥರದ ಕೋಡಾಗಿ ಹೋಗುತ್ತೆ. ಆ ಕಡೆ ಒತ್ತು, ದೀರ್ಘ ಸರಿಯಾಗಿ ಕೂಡಿಕೊಳ್ಳುತ್ತೆ ಅಂತ ನೆಚ್ಚಬೇಡಿ.

ನುಡಿಯ ಹಳೇ ಫಾಂಟಿನಲ್ಲಿ ಬರೆದಿದ್ರೆ ಕಥೆ ಇನ್ನೊಂದು. ಅದು ಒಳಗೊಳಗೆ ಲ್ಯಾಟಿನ್ ಲಿಪಿಯ ಅಕ್ಷರ, ಚಿಹ್ನೆಗಳೇ ಆದ್ದರಿಂದ ಪ್ರಯಾಣವೇನೋ ಮಾಡುತ್ತೆ, ಆದರೆ ರಾಯರ ಮೆಷಿನ್ನಲ್ಲಿ ಅದೇ ಫಾಂಟ್ ಇಲ್ಲದಿದ್ರೆ "ಬೇಲೂರು" ಅನ್ನೋದು ಬೈಗುಳದ ಥರ ಕಾಣುತ್ತೆ. ಎರಡಕ್ಕೂ ಒಂದೇ ದಾರಿ: ಡ್ರಾಯಿಂಗ್ ಜೊತೆ ಒಂದು ಪಿಡಿಎಫ್ ಹಾಕಿ. ರಾಯರ ಸ್ಕ್ರೀನಲ್ಲಿ ಏನಾದ್ರೂ ಮಾಯವಾಗಿದ್ರೆ ಪಿಡಿಎಫ್ ಪಕ್ಕದಲ್ಲಿಟ್ಟು ನೋಡಿದ ಕೂಡಲೇ ಅವರಿಗೇ ಗೊತ್ತಾಗುತ್ತೆ. ಎಲ್ಲಕ್ಕಿಂತ ದೊಡ್ಡ ಅಪಾಯ ಏನು ಗೊತ್ತಾ? ಏನೋ ಮಾಯವಾಗಿದೆ ಅಂತ ಗೊತ್ತೇ ಆಗದಿರೋದು.

ಈಗ ಕೊನೇ ಪರೀಕ್ಷೆ. ಜಿಪ್ ಬಿಚ್ಚಿ. ಒಳಗಿನ ಡಿಡಬ್ಲ್ಯೂಜಿಯನ್ನ ನೋಟ್‌ಪ್ಯಾಡಿಗೆ ಎಳೆದು ಹಾಕಿ. ಹೌದ್ರೀ, ನೋಟ್‌ಪ್ಯಾಡಿಗೇ! ಪರದೆ ತುಂಬ ಗೊಜ್ಜಾದ ಅಕ್ಷರಗಳು ಬರ್ತವೆ, ಹೆದರಬೇಡಿ. ಮೊಟ್ಟಮೊದಲ ಆರು ಅಕ್ಷರ ಮಾತ್ರ ಓದಿ. ಫೈಲು ಯಾವ ಫಾರ್ಮ್ಯಾಟಿನದು ಅನ್ನೋದಕ್ಕೆ ಅದೇ ಜಾತಕ.

```
AC1015   2000, 2000i, 2002
AC1018   2004, 2005, 2006
AC1021   2007, 2008, 2009
AC1024   2010, 2011, 2012
AC1027   2013 - 2017
AC1032   2018 - 2024
```

ರಾಯರ ಫೈಲಿನಲ್ಲಿ `AC1018` ಅಂತ ಇರಬೇಕು. ಇದ್ದರೆ ಗೆದ್ರಿ. ಎಕ್ಸ್‌ರೆಫ್ ಫೈಲುಗಳದ್ದೂ ಒಂದೊಂದಾಗಿ ನೋಡಿ. ನೋಡಿದ ಮೇಲೆ ಸೇವ್ ಕೊಡದೆ ಮುಚ್ಚಿ. ನೋಟ್‌ಪ್ಯಾಡಿನಲ್ಲಿ ಸೇವ್ ಆದ ಡ್ರಾಯಿಂಗ್ ಆಮೇಲೆ ಯಾವ ವರ್ಷನ್ನಿಗೂ ಬಗ್ಗಲ್ಲ.

ಇಷ್ಟಾದ ಮೇಲೆ ನಿಮಗೊಂದು ಕೆಟ್ಟ ಚಾಳಿ ಇದೆ, ಅದನ್ನೂ ಹೇಳಿಬಿಡ್ತೀನಿ. ಎಲ್ಲ ಸರಿ ಇದೆ, ಕಳಿಸೋಣ ಅಂತ ಹೊರಟಾಗ "ಒಂದ್ನಿಮಿಷ, ಕಿಚನ್ ಸ್ಪೆಲ್ಲಿಂಗ್ ತಪ್ಪಿದೆ" ಅಂತ ಆ ಹಳೇ ಫಾರ್ಮ್ಯಾಟಿನ ಫೈಲನ್ನೇ ನಿಮ್ಮ 2024ರಲ್ಲಿ ತೆಗೀತೀರಿ. ತಿದ್ತೀರಿ. ಕಂಟ್ರೋಲ್ ಎಸ್ ಒತ್ತುತ್ತೀರಿ. ಮುಗೀತು! ನಿಮ್ಮ ಆಟೋಕ್ಯಾಡಿನ ಡಿಫಾಲ್ಟ್ 2018 ಇರೋದ್ರಿಂದ, ಒಂದು ಮಾತೂ ಹೇಳದೆ ಅದು ಫೈಲನ್ನ ಮತ್ತೆ 2018 ಮಾಡಿಟ್ಟುಬಿಡುತ್ತೆ. ಹೆಸರಿನಲ್ಲಿ 2004, ಹೊಟ್ಟೆಯಲ್ಲಿ `AC1032`.

ಬೆಳಗ್ಗೆ ಅದೇ ಫೋನು, ಅದೇ `not valid`. "ನಿನ್ನೆ ನಾನೇ ಕಣ್ಣಾರೆ ನೋಡಿದ್ದೆ ಸರ್" ಅಂತ ನೀವು ಆಣೆ ಪ್ರಮಾಣಕ್ಕೆ ಇಳೀತೀರಿ. ನೋಡಿದ್ದು ನಿಜ, ಆಮೇಲೆ ಒತ್ತಿದ್ದೂ ನಿಜ. ತಿದ್ದೋದಿದ್ರೆ ಮೂಲದಲ್ಲಿ ತಿದ್ದಿ, `ETRANSMIT` ಮತ್ತೊಮ್ಮೆ ಹೊಡೀರಿ. ನೋಟ್‌ಪ್ಯಾಡ್ ಪರೀಕ್ಷೆ ಕಳಿಸೋ ಮುಂಚಿನ ಕಟ್ಟಕಡೆಯ ಕೆಲಸ ಆಗಿರಲಿ.

"ಇಷ್ಟೆಲ್ಲ ನಾನ್ಯಾಕೆ ಮಾಡ್ಲಿ, ರಾಯರೇ ಕನ್ವರ್ಟ್ ಮಾಡ್ಕೊಳ್ಳಲಿ" ಅನ್ನೋ ಆಸೆ ಇನ್ನೂ ಹೋಗಿಲ್ವಾ? ಆಟೋಡೆಸ್ಕಿನದೇ ಡಿಡಬ್ಲ್ಯೂಜಿ ಟ್ರೂವ್ಯೂ ಇದೆ, ಪುಕ್ಕಟೆ ಸಿಗುತ್ತೆ, ಹೊಸ ಫೈಲನ್ನ ಹಳೇದಕ್ಕೆ ಇಳಿಸಿ ಕೊಡುತ್ತೆ. ಸ್ವಲ್ಪ ಈಚಿನ ಕಂಪ್ಯೂಟರ್ ಇರೋರಿಗೆ ಧಾರಾಳವಾಗಿ ಹೇಳಿ. ಆದರೆ ಈಗಿನ ಟ್ರೂವ್ಯೂ ರಾಯರ ಎಕ್ಸ್‌ಪಿಯಲ್ಲಿ ಕೂರಲ್ಲ, ಅಲ್ಲಿ ಕೂರುವಷ್ಟು ಹಳೇ ಟ್ರೂವ್ಯೂಗೆ ನಿಮ್ಮ 2018 ಫೈಲ್ ಓದೋಕೆ ಬರಲ್ಲ. ತಪ್ಪಿಸಿಕೊಳ್ಳೋಕೆ ದಾರಿ ಇಲ್ಲ, ನಡೀರಿ.

ಕೊನೇದಾಗಿ, ರಾಯರು ಕಾಲಂ ಹಾಕಿ ಫೈಲ್ ವಾಪಸ್ ಕಳಿಸ್ತಾರಲ್ಲ, ಆಗ ಏನು ಮಾಡ್ತೀರಿ? ಅದನ್ನೇ ತೆಗೆದು, ಅದರಲ್ಲೇ ಮುಂದಿನ ಕೆಲಸ ಶುರು ಹಚ್ಚಿಕೊಳ್ತೀರಿ. ಬೇಡ ಅಂದ್ರೆ! ಅದು ಹ್ಯಾಚ್ ಫ್ರೀಜ್ ಆದ, ಲೀಡರ್ ಸಿಡಿದ ಫೈಲು. ನಿಮ್ಮ ಮೂಲ ಮೂಲವಾಗೇ ಇರಲಿ. ರಾಯರ ಫೈಲನ್ನ ಅದಕ್ಕೆ ಎಕ್ಸ್‌ರೆಫ್ ಮಾಡಿ, ಬೇಕಾದ ಕಾಲಂ ಲೇಯರ್ ಉಳಿಸಿಕೊಂಡು ಮಿಕ್ಕಿದ್ದು ಫ್ರೀಜ್ ಮಾಡಿ. ನಾಳೆ ಅವರು ಎರಡು ಕಾಲಂ ಸರಿಸಿ ಅದೇ ಹೆಸರಿನಲ್ಲಿ ಹೊಸ ಫೈಲ್ ಕಳಿಸಿದ್ರೂ ರೀಲೋಡ್ ಕೊಟ್ಟರಾಯ್ತು.

ಈಗ ಲೆಕ್ಕ ಹಾಕಿ ನೋಡಿ. ಬೆಳಗಿನ ಫೋನು, ಮೂರು ಸಲದ ಮೇಲು, ಹಾಸನದ ಬಸ್ ಚಾರ್ಜು, ಕೇಸರಿಬಾತು, ಮಾಯವಾದ ಗ್ರಿಡ್ಡು, ಇಷ್ಟೂ ತಪ್ಪಬೇಕಾದ್ರೆ ಮೊದಲ ದಿನವೇ ಕೇಳಬೇಕಿದ್ದದ್ದು ಒಂದೇ ಪ್ರಶ್ನೆ. ನಿಮ್ಮ ಕಾಂಟ್ಯಾಕ್ಟ್ಸ್ ತೆಗೀರಿ. ಎಂಜಿನಿಯರ್, ಪ್ಲಂಬಿಂಗಿನವರು, ಎಲೆಕ್ಟ್ರಿಕಲ್‌ನವರು, ಫ್ಯಾಬ್ರಿಕೇಟರ್, ನಿಮ್ಮಿಂದ ಡ್ರಾಯಿಂಗ್ ಹೋಗೋ ಒಬ್ಬೊಬ್ಬರ ಹೆಸರಿನ ಮುಂದೂ ಅವರ ಆಟೋಕ್ಯಾಡ್ ವರ್ಷ ಬರೆದಿಡಿ. ಗೊತ್ತಿಲ್ಲದಿದ್ರೆ ಇವತ್ತೇ ಫೋನ್ ಮಾಡಿ ಕೇಳಿ. ಹಾಗೇ, ನಿಮಗಿಂತ ಹೊಸ ವರ್ಷನ್ ಇಟ್ಕೊಂಡೋರು ಯಾರಾದ್ರೂ ನಿಮಗೆ ಡ್ರಾಯಿಂಗ್ ಕಳಿಸ್ತಿದ್ರೆ, ನಿಮ್ಮದು ಯಾವ ವರ್ಷದ್ದು ಅಂತ ಅವರಿಗೂ ಈಗಲೇ ಹೇಳಿಬಿಡಿ. ಅವರಾಗೇ ಕೇಳ್ತಾರೆ ಅಂತ ಕಾಯಬೇಡಿ, ಅವರೂ ನಿಮ್ಮಂಥವರೇ!